ನೆನೆದವರು ಯಾರು, ನನೆದವರು ಯಾರು

ಆರಿದ್ರಾ ಮಳೆ ನಾಲ್ಕು ಹನಿ ಉದುರಿಸಿ ನಿಂತಿದ್ದ ಒಂದು ಸಂಜೆ ರಾಯಚೂರು ಸೀಮೆಯ ಯಾಪಲದಿನ್ನಿಯ ಮನೆಯೊಂದರ ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ಮನೆಯ ಹಿರಿಯ ಹೆಂಗಸು ಸೊಸೆಯನ್ನು ಕೇಳಿದ್ದು ಕಿವಿಗೆ ಬಿತ್ತು: "ಕಡ್ಲಿ ನೆನಿ ಹಾಕೀಯೇನ?" ಸ್ವಲ್ಪ ಹೊತ್ತಿಗೆ ಆಕೆಯೇ ಹೊರಗೆ ಬಂದು ಬಾಗಿಲ ಚೌಕಟ್ಟಿಗೆ ಆತು ನಿಂತು, ಮೋಡ ಸರಿದುಹೋದ ದಿಕ್ಕನ್ನು ನೋಡುತ್ತ, "ಮಳಿ ಹನದ್ರ ಸಾಕ್ರಿ ಯಪ್ಪಾ, ಮಗ ನೆಪ್ಪಾಗ್ತಾನ" ಅಂದಳು. ಮಗ ಬೆಂಗಳೂರಿಗೆ ಗುಳೇ ಹೋಗಿ ನಾಲ್ಕು ತಿಂಗಳಾಗಿತ್ತು. ನೆನಿ ಹಾಕುವ ಕಡಲೆ ಒಂದು, ನೆಪ್ಪಾಗುವ ಮಗ ಒಬ್ಬ. ಎರಡೂ ಮಾತಿನ ಬುಡದಲ್ಲಿ ಇಂದಿನ ಕನ್ನಡದ ಕಿವಿಗೆ ಕೇಳುವುದು ಒಂದೇ ಧಾತು: ನೆನೆ.

ಪದಗಳ ಬೆನ್ನು ಹತ್ತಿದ ನಮ್ಮಂಥವರಿಗೆ ಇಂಥ ಸಂಜೆ ಸುಮ್ಮನೆ ಕಳೆಯುವುದಿಲ್ಲ. ಮಳೆಯಲ್ಲಿ ನೆನೆಯುತ್ತೇವೆ, ದೂರ ಹೋದವರನ್ನೂ ನೆನೆಯುತ್ತೇವೆ. ಅಕ್ಕಿಯನ್ನು ನೆನೆಸುತ್ತೇವೆ, ಹಳೆಯ ಗೆಳೆಯನನ್ನು ನೆನೆಸಿಕೊಳ್ಳುತ್ತೇವೆ. ಒದ್ದೆಯಾಗುವುದಕ್ಕೂ ಹಂಬಲಿಸುವುದಕ್ಕೂ ಒಂದೇ ಮಾತನ್ನು ಇಟ್ಟುಕೊಂಡ ಭಾಷೆ ಎಷ್ಟು ದೊಡ್ಡ ಕವಿ ಎಂದು ಬೆರಗಾಗುವುದು ಸಹಜ. ಮಳೆ, ತಿಂಗಳು, ಹೊಳೆಗಳ ಮೂಲಕ ವಿರಹವನ್ನು ಹೇಳುವ ನಮ್ಮ ಹಳೆಯ ಕಾವ್ಯದ ಪದ್ಧತಿಯೆಲ್ಲ ಈ ಒಂದು ಧಾತುವಿನೊಳಗೇ ಬೀಜವಾಗಿ ಅಡಗಿತ್ತೇನೋ ಅನ್ನಿಸುತ್ತದೆ. ನನಗೂ ಬಹಳ ಕಾಲ ಹಾಗೇ ಅನ್ನಿಸಿತ್ತು. ಆದರೆ ಪದದ ಜಾಡು ಹಿಡಿದು ಹಿಂದೆ ಹಿಂದೆ ನಡೆದರೆ ದಾರಿ ಒಂದು ಕಡೆ ಎರಡಾಗಿ ಕವಲೊಡೆಯುತ್ತದೆ. ಆ ಕವಲಿನ ಕತೆ ನಾವು ಮೊದಲು ಊಹಿಸಿದ್ದಕ್ಕಿಂತ ಸೊಗಸಾಗಿದೆ.

ನೆನಪಿನ ನೆನೆಗೆ ತಮಿಳಿನ ಒಡಹುಟ್ಟು ನಿನೈ. ತಮಿಳಿನಲ್ಲಿ ಇಕಾರವಿರುವ ಇಂಥ ಕಡೆಗಳಲ್ಲಿ ಕನ್ನಡ ಎಕಾರ ಹಿಡಿಯುವುದು ಗೊತ್ತಾದ ಸಂಗತಿ. ಅಲ್ಲಿ ಇಲೈ ಎಂದರೆ ಇಲ್ಲಿ ಎಲೆ, ಅಲ್ಲಿ ವಿಲೈ ಎಂದರೆ ಇಲ್ಲಿ ಬೆಲೆ, ಅಂತೆಯೇ ನಿನೈಗೆ ನೆನೆ. ಒದ್ದೆಯಾಗುವ ಮಾತಿಗೆ ತಮಿಳು ಹೇಳುವುದು ನನೈ, ಮಲೆಯಾಳದಲ್ಲಿ ನನಯುಕ. ತಲೈಗೆ ತಲೆ, ಮಲೈಗೆ ಮಲೆ ಎಂಬ ಲೆಕ್ಕದಲ್ಲಿ ಕನ್ನಡಕ್ಕೆ ಬರಬೇಕಾದದ್ದು ನನೆ. ಬಂದದ್ದೂ ಅದೇ. ಹಳಗನ್ನಡದಲ್ಲಿ ಮಳೆಗೆ ಸಿಕ್ಕವರು ನನೆಯುತ್ತಿದ್ದರು, ನಲ್ಲನನ್ನು ಬಯಸಿದವರು ನೆನೆಯುತ್ತಿದ್ದರು. ನಡುವೆ ಒಂದೇ ಒಂದು ಸ್ವರದ ಅಂತರ, ಆದರೆ ಅಂತರ ಅಂತರವೇ. ಮುಂದೆ ಕನ್ನಡಿಗರ ನಾಲಿಗೆ ತನಗೆ ಹಿತವಾದದ್ದನ್ನು ಮಾಡಿತು. ಎರಡನೆಯ ಅಕ್ಷರದ ಎಕಾರ ಮೊದಲನೆಯ ಅಕ್ಷರದ ಅಕಾರವನ್ನು ತನ್ನ ಕಡೆಗೆ ಎಳೆದುಕೊಂಡಿತು. ಹಳ್ಳಿಗಳಲ್ಲಿ ತಲೆಯನ್ನು ತೆಲೆ ಎನ್ನುವುದನ್ನು ನಾವೆಲ್ಲ ಕೇಳಿದ್ದೇವಲ್ಲ, ಅದೇ ಎಳೆತ. ತೆಲೆ ಆಡುಮಾತಿನಲ್ಲೇ ಉಳಿಯಿತು. ನನೆಯಿಂದಾದ ನೆನೆ ಮಾತ್ರ ಬರಹಕ್ಕೂ ಏರಿ ಗ್ರಂಥಸ್ಥವಾಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ತೊಯ್ಯುವ ಅರ್ಥಕ್ಕೆ ನನೆ, ನೆನೆ ಎರಡೂ ರೂಪಗಳಿವೆ. ಎರಡು ದಾರಿ ಕೂಡಿದ ಜಾಗದಲ್ಲಿ ನೆಟ್ಟ ಕಲ್ಲಿನ ಹಾಗೆ ಅವು ನನಗೆ ಕಾಣುತ್ತವೆ.

ಆದ್ದರಿಂದ ನಾವು ಬೆರಗಾದ ಆ ಶ್ಲೇಷೆ ಪಂಪನ ಕಾಲದ ಕವಿಗೆ ದಕ್ಕಿರಲಿಲ್ಲ. ಅವನ ಕೈಯಲ್ಲಿ ಎರಡು ಬೇರೆ ಪದಗಳಿದ್ದವು. ಮಳೆಗೂ ಹಂಬಲಕ್ಕೂ ನಂಟು ಬೆಸೆಯಬೇಕಾದರೆ ಅವನು ಕಾವ್ಯಕಲ್ಪನೆಯಿಂದಲೇ ಬೆಸೆಯಬೇಕಿತ್ತು. ಕವಿಗಳು ಶತಮಾನಗಳ ಕಾಲ ಕೂಡಿಸುತ್ತ ಬಂದದ್ದನ್ನು ಕೊನೆಗೆ ಭಾಷೆ ತಾನೇ ತನ್ನ ಬಾಯಲ್ಲಿ ಕೂಡಿಸಿಬಿಟ್ಟಿತು. ಕಾವ್ಯದ ಪ್ರಭಾವದಿಂದ ಸ್ವರ ಬದಲಾಯಿತು ಎಂದು ನಾನು ಹೇಳುತ್ತಿಲ್ಲ, ಸ್ವರಗಳು ಹಾಗೆಲ್ಲ ಕವಿಗಳ ಮಾತು ಕೇಳುವುದಿಲ್ಲ. ಆದರೂ ಇಂದು ಹಳೆಯ ಪದ್ಯ ಓದುವ ನಮ್ಮ ಕಿವಿಗೆ ಅಲ್ಲಿಲ್ಲದ ಶ್ಲೇಷೆ ಕೇಳಿಸುವ ಅಪಾಯವಿದೆ. ಈ ಅಪಾಯ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ಒಂದಿಷ್ಟು ನಿಂತು ನೋಡೋಣ.

ಓಲೆಗರಿಯೊಂದರಲ್ಲಿ 'ಕಣ್ಣೀರೊಳ್ ನೆನೆದಳ್' ಎಂದು ಇದೆಯೆಂದು ಇಟ್ಟುಕೊಳ್ಳೋಣ (ಈ ಮಾತು ಯಾವ ಕಾವ್ಯದ್ದೂ ಅಲ್ಲ, ಲೆಕ್ಕಕ್ಕೆಂದು ನಾನೇ ಕಟ್ಟಿಕೊಂಡದ್ದು). ಅವಳು ಕಣ್ಣೀರಿನಲ್ಲಿ ತೊಯ್ದಳೋ, ಕಣ್ಣೀರಿಡುತ್ತ ಯಾರನ್ನೋ ಸ್ಮರಿಸಿದಳೋ? ಲಿಪಿಕಾರ ಕವಿಗಿಂತ ನಾಲ್ಕು ನೂರು ವರ್ಷ ಈಚೆಯವನಾಗಿದ್ದರೆ ಮೂಲದ ನನೆದಳ್ ಅವನ ಕೈಯಲ್ಲಿ ತಾನಾಗಿಯೇ ನೆನೆದಳ್ ಆಗಿರಬಹುದು, ಏಕೆಂದರೆ ಅವನ ಬಾಯಲ್ಲಿ ಅದು ಹಾಗೇ ಇತ್ತು. ಸಾಮಾನ್ಯವಾಗಿ ಇಂಥ ತಿದ್ದುಪಡಿಯನ್ನು ಹಿಡಿಯಲು ನಮಗೆ ಇಬ್ಬರು ಕಾವಲುಗಾರರಿದ್ದಾರೆ, ಪ್ರಾಸ ಮತ್ತು ಛಂದಸ್ಸು. ಇಲ್ಲಿ ಇಬ್ಬರೂ ನಿದ್ದೆಹೋಗುತ್ತಾರೆ. ನಮ್ಮ ಆದಿಪ್ರಾಸ ನೋಡುವುದು ಎರಡನೆಯ ಅಕ್ಷರದ ವ್ಯಂಜನವನ್ನು, ಎರಡೂ ಪದಗಳಲ್ಲಿ ಅದು ನಕಾರವೇ. ಛಂದಸ್ಸು ಎಣಿಸುವುದು ಲಘು ಗುರುಗಳನ್ನು, ಅವೂ ಎರಡರಲ್ಲಿ ಒಂದೇ. ಉಳಿಯುವ ಸಾಕ್ಷಿ ವ್ಯಾಕರಣವೊಂದೇ. ಸ್ಮರಿಸುವ ನೆನೆಗೆ ಕರ್ಮ ಬೇಕು, 'ನಲ್ಲನಂ' ಎಂಬಂಥ ದ್ವಿತೀಯಾಂತ ಪದವೊಂದು ಪದ್ಯದಲ್ಲಿ ಎಲ್ಲಾದರೂ ಕಾದು ಕೂತಿರಬೇಕು. ತೊಯ್ಯುವ ನನೆಗೆ ಕರ್ಮ ಬೇಡ, ಮಳೆಯೋ ಕಣ್ಣೀರೋ ತೃತೀಯೆಯಲ್ಲೋ ಸಪ್ತಮಿಯಲ್ಲೋ ಬಂದರೆ ಸಾಕು. ಹುಡುಕಿದರೂ ಕರ್ಮ ಸಿಕ್ಕದಿದ್ದರೆ ಆ ಹೆಣ್ಣು ಬರಿದೆ ತೊಯ್ದಿದ್ದಾಳೆ, ನೆನಪಿನ ಭಾರವನ್ನು ನಾವು ಅವಳ ಮೇಲೆ ಹೇರಬಾರದು.

ಇಂದಿನ ಆಡುಮಾತು ಈ ಗೊಂದಲಕ್ಕೆ ತನ್ನದೇ ದಾರಿ ಕಂಡುಕೊಂಡಿದೆ, ಅದನ್ನು ಗಮನಿಸದೆ ಹೋಗಬಾರದು. ಮಳೆಯಲ್ಲಿ 'ನೆಂದ' ಎನ್ನುತ್ತೇವೆ, ಗೆಳತಿಯನ್ನು 'ನೆಂದ' ಎನ್ನುವುದಿಲ್ಲ. ಕುಗ್ಗಿದ ರೂಪ ತೊಯ್ಯುವುದಕ್ಕೆ ಮಾತ್ರ ಮೀಸಲು. ರಾಯಚೂರು ಸೀಮೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿ ಮಳೆಗೆ ಸಿಕ್ಕವರು ಹೆಚ್ಚಾಗಿ ತೊಯ್ಯುತ್ತಾರೆ, ಕಾಳುಕಡಿ ಮಾತ್ರ ನೆನೆಯುತ್ತವೆ, ಭೂಮಿ ನೆನೆಯುತ್ತದೆ. ನೆನಪು ಕುಗ್ಗಿ ಕುಗ್ಗಿ ನೆಪ್ಪಾಗಿದೆ. ಪಕಾರ ಒತ್ತಿ ಹೇಳುವ ಈ ನೆಪ್ಪಿನಲ್ಲಿ ಬರಿಯ ಸ್ಮರಣಶಕ್ತಿಗಿಂತ ಹೆಚ್ಚಿನದೇನೋ ಇದೆ. 'ನೆಪ್ಪಿಲ್ಲ' ಎಂದರೆ ಮರೆತಿದ್ದೇನೆ ಅಷ್ಟೇ, ಆದರೆ 'ನೆಪ್ಪಾಗ್ತಾನ' ಎಂದರೆ ಅವನೇ ಬಂದು ಎದೆ ತಟ್ಟುತ್ತಾನೆ. ಅಲ್ಲಿ ನೆನೆಯುವವಳು ಕರ್ತೃವಲ್ಲ, ದೂರ ಇರುವವನೇ ಕರ್ತೃ.

ಯಾಪಲದಿನ್ನಿ ತೆಲಂಗಾಣದ ಗಡಿಗೆ ಹತ್ತಿರದ ಊರು. ದಿನ್ನಿ ನಮ್ಮ ದಿಣ್ಣೆ. ತೆಲುಗಿನ ಆಡುಮಾತಿನಲ್ಲಿ ಬೇವಿನ ಮರಕ್ಕೆ ಯಾಪ ಎನ್ನುತ್ತಾರಾದ್ದರಿಂದ ಊರ ಹೆಸರು ಕಿವಿಗೆ ಬಿದ್ದ ಕೂಡಲೇ ಬೇವುಗಳ ದಿಬ್ಬವೊಂದು ಕಣ್ಣ ಮುಂದೆ ಬರುತ್ತದೆ. ಇಂಥ ಎರಡು ನುಡಿಗಳ ನೆಲದಲ್ಲಿ ನೆನಪಿಗೆ ಇನ್ನೊಂದು ವಿಚಿತ್ರ ಕವಲಿದೆ. ಪಾರಸಿಯ ಯಾದ್ ಎಂಬ ಪದದಿಂದ ಬಂದ ಯಾದಿ, ಗಡಿಯ ಆಚೆ ತೆಲಂಗಾಣದ ತೆಲುಗಿನಲ್ಲಿ ನೆನಪು. ಈಚೆ ನಮ್ಮ ಕನ್ನಡದಲ್ಲಿ ಕಿರಾಣಿ ಸಾಮಾನಿನ ಪಟ್ಟಿ, ಮದುವೆಯ ಯಾದಿ. ನೆನಪಿರಲೆಂದು ಬರೆದಿಟ್ಟ ಚೀಟಿಗೇ ನೆನಪಿನ ಹೆಸರು ಅಂಟಿಕೊಂಡಿತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆಯಲ್ಲಿ ಉರ್ದುವಿನ ಮಾತು ಸಂತೆಗೂ ಕಚೇರಿಗೂ ಬಂದದ್ದು ಸಹಜ, ಆದರೆ ಮನಸ್ಸಿನ ಒಳಕೋಣೆಯಲ್ಲಿ ಕನ್ನಡದವರು ನೆಪ್ಪನ್ನೇ ಇಟ್ಟುಕೊಂಡರು.

ಮಳೆಗಾಲವೇ ಏಕೆ ವಿರಹದ ಕಾಲವಾಯಿತು ಎಂಬುದಕ್ಕೆ ಅಲಂಕಾರಶಾಸ್ತ್ರದ ಗ್ರಂಥಗಳಿಗಿಂತ ಈ ಊರಿನ ಎರಿ ಭೂಮಿ ಚೆನ್ನಾಗಿ ಉತ್ತರ ಹೇಳುತ್ತದೆ. ವರ್ಷಕ್ಕೆ ಹೆಚ್ಚೂಕಡಿಮೆ 600 ಮಿಲಿಮೀಟರ್ ಮಳೆ ಕಾಣುವ ನಾಡು ಇದು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಕಪ್ಪು ಮಣ್ಣು, ಒಂದು ಹದ ಮಳೆ ಬಿದ್ದ ಕೂಡಲೇ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಂಡು ಅಂಟಾಗುತ್ತದೆ. ಕಾಲಿಟ್ಟರೆ ಮೆಟ್ಟಿನ ಅಡಿಗೆ ಸೇರಿಗೆ ಸೇರು ಮಣ್ಣು ಮೆತ್ತಿಕೊಳ್ಳುತ್ತದೆ, ಬಂಡಿಯ ಗಾಲಿ ಅಚ್ಚಿನ ತನಕ ಹೂತುಹೋಗುತ್ತದೆ. ದಾರಿ ಎಂಬುದು ಇಲ್ಲವಾಗುತ್ತದೆ. ವ್ಯಾಪಾರಕ್ಕೋ ದಂಡಿಗೋ ಹೋದವನು ಮೊದಲ ಗುಡುಗಿಗೆ ಮುಂಚೆ ಮನೆ ಸೇರಿದರೆ ಸೇರಿದ, ಇಲ್ಲದಿದ್ದರೆ ಕಾರ್ ಕಳೆಯುವ ತನಕ ಬರಲಾರ. ಆಗಸದಲ್ಲಿ ಎದ್ದ ಕಾರ್ಮುಗಿಲು ಅವನು ಬರುತ್ತಾನೆಂಬ ಸೂಚನೆಯೂ ಹೌದು, ಬರಲಾರನೆಂಬ ತೀರ್ಪೂ ಹೌದು. ಕಪ್ಪು ಎಂಬ ಅರ್ಥದ ಕಾರ್ ಎಂಬ ಪದವೇ ಮಳೆಗಾಲದ ಹೆಸರಾದಾಗ ಆ ಋತುವಿಗೆ ಕತ್ತಲೆಯೂ ಜೊತೆಗೆ ಬಂತು. ಸಂಸ್ಕೃತದ ಆರ್ದ್ರ ಶಬ್ದವನ್ನೂ ಇಲ್ಲಿ ನೆನೆಯಬೇಕು. ಒದ್ದೆ ಎಂಬುದು ಅದರ ಮೊದಲ ಅರ್ಥ, ಕರುಣಾರ್ದ್ರ ಎಂಬಲ್ಲಿ ಕರಗಿದ ಮನಸ್ಸು, ಆರ್ದ್ರಾ ಎಂದು ನಕ್ಷತ್ರದ ಹೆಸರು. ಅದೇ ನಮ್ಮ ರೈತರ ಆರಿದ್ರಾ ಮಳೆ. ಎರಡು ಬೇರೆ ಕುಲದ ಭಾಷೆಗಳು ಎರಡು ಬೇರೆ ದಾರಿಯಲ್ಲಿ ಒಂದೇ ತೇವಕ್ಕೆ ಬಂದು ಸೇರಿವೆ. ಸಂಸ್ಕೃತದಲ್ಲಿ ಒಂದೇ ಪದದ ಅರ್ಥ ಹಬ್ಬಿತು, ಕನ್ನಡದಲ್ಲಿ ಎರಡು ಪದಗಳ ಧ್ವನಿ ಕೂಡಿತು.

ಹಳಗನ್ನಡದ ನನೆಗೆ ಇನ್ನೊಂದು ಅರ್ಥವಿದೆ, ಮೊಗ್ಗು. ನನೆಯಂಬ, ನನೆವಿಲ್ಲ ಎಂದರೆ ಮೊಗ್ಗನ್ನೇ ಅಂಬಾಗಿ, ಬಿಲ್ಲಾಗಿ ಹಿಡಿದವನು, ಮನ್ಮಥ. ಪ್ರಣಯವನ್ನು ಹುಟ್ಟಿಸುವ ದೇವತೆಯ ಹೆಸರಿನಲ್ಲೇ ನಮ್ಮ ಪದ ಕೂತಿದೆ. 13ನೆಯ ಶತಮಾನದ ಆಂಡಯ್ಯ ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಅಚ್ಚಗನ್ನಡ, ತದ್ಭವಗಳಲ್ಲೇ ಬರೆದ ಕಬ್ಬಿಗರ ಕಾವಕ್ಕೆ ಈ ಮನ್ಮಥನೇ ನಾಯಕ. ಅದರ ಕತೆಯಲ್ಲಿ ಯುದ್ಧಕ್ಕೆ ಕಾರಣವೇನು ಗೊತ್ತೇ? ಮನ್ಮಥನ ಪಡೆಯಲ್ಲಿದ್ದ ತಿಂಗಳನ್ನು ಶಿವ ಕಸಿದುಕೊಂಡದ್ದು. ಶಿವನ ಮುಡಿಯ ಚಂದ್ರನನ್ನು ಪ್ರಣಯದ ಸೈನಿಕನಾಗಿ ಕಂಡು, ಅವನನ್ನು ಬಿಡಿಸಿಕೊಳ್ಳಲು ಮನ್ಮಥ ದಂಡೆತ್ತಿ ಹೋಗುತ್ತಾನೆ. ಅವನ ಅಂಬು ತಾಗಿ ಶಿವ ಅರ್ಧನಾರಿಯಾಗುತ್ತಾನೆ. ಸಿಟ್ಟಿಗೆದ್ದ ಶಿವನ ಶಾಪದಿಂದ ಮನ್ಮಥ ತನ್ನ ನಲ್ಲೆಯನ್ನೇ ಅಗಲಬೇಕಾಗುತ್ತದೆ. ವಿರಹವನ್ನು ಎಲ್ಲರಿಗೂ ಹಂಚುವವನಿಗೇ ವಿರಹ ಬಂದಂತಾಯಿತು.

ಹಾಗಾದರೆ ನೆನಪಿನ ನೆನೆ ಹಳೆಯ ಕಾವ್ಯದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತಿತ್ತು? ಇದಕ್ಕೆ ಪಂಪನ ಆದಿಪುರಾಣಕ್ಕೆ ಹೋಗಬೇಕು. 941ರ ಕೃತಿ. ನಮ್ಮಿಂದ ಉತ್ತರಕ್ಕೆ ರಾಷ್ಟ್ರಕೂಟರ ಮಳಖೇಡ, ಈಶಾನ್ಯಕ್ಕೆ ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ. ಆ ಕಾಲದ ಕನ್ನಡ ಕಾವ್ಯದ ಭೂಪಟದಲ್ಲಿ ನಮ್ಮ ರಾಯಚೂರು ಸೀಮೆ ಮೂಲೆಯ ನಾಡಾಗಿರಲಿಲ್ಲ. ಆದಿಪುರಾಣದಲ್ಲಿ ಶ್ರೀಮತಿ ಎಂಬ ರಾಜಕುಮಾರಿ ಆಗಸದಲ್ಲಿ ಸಾಗುವ ದೇವತೆಗಳನ್ನು ಕಾಣುತ್ತಾಳೆ. ಆ ನೋಟದಿಂದ ಅವಳಿಗೆ ಹಿಂದಿನ ಜನ್ಮದ ಸ್ಮರಣೆಯಾಗುತ್ತದೆ. ಆಗ ತಾನು ಸ್ವಯಂಪ್ರಭೆ ಎಂಬ ದೇವಿಯಾಗಿದ್ದದ್ದು, ಲಲಿತಾಂಗನೆಂಬ ದೇವನ ನಲ್ಲೆಯಾಗಿದ್ದದ್ದು ಎಲ್ಲ ಒಮ್ಮೆಗೇ ಮರಳಿ ಬಂದು ಮೂರ್ಛೆ ಹೋಗುತ್ತಾಳೆ. ಎಚ್ಚತ್ತ ಮೇಲೆ ಆ ಜನ್ಮದ ಸಂಗತಿಗಳನ್ನು ಚಿತ್ರಪಟದಲ್ಲಿ ಬರೆಯುತ್ತಾಳೆ. ಅವಳ ದಾದಿ ಪಂಡಿತೆ ಅದನ್ನು ಜಿನಾಲಯಕ್ಕೆ ಕೊಂಡೊಯ್ದು, ಯಾರ ಕಣ್ಣಲ್ಲಿ ಗುರುತು ಹುಟ್ಟುತ್ತದೋ ನೋಡುತ್ತ ಕಾಯುತ್ತಾಳೆ. ವಜ್ರಜಂಘನಾಗಿ ಹುಟ್ಟಿದ ಲಲಿತಾಂಗ ಪಟವನ್ನು ಕಂಡು ತಾನೂ ನೆನೆಯುತ್ತಾನೆ.

ಇಲ್ಲಿ ನೆನೆ ಎಂಬುದು ಮನಸ್ಸಿನ ಸಣ್ಣ ಚಲನೆಯಲ್ಲ, ಒಂದು ಜನ್ಮದಿಂದ ಇನ್ನೊಂದು ಜನ್ಮಕ್ಕೆ ಹಾಕಿದ ಸೇತುವೆ. ವಿರಹಿಗಳ ಸುತ್ತ ಕಾವ್ಯ ತರುವ ಪ್ರಕೃತಿಯನ್ನೂ, ತಂಗಾಳಿ, ಕೋಗಿಲೆ, ತಾವರೆಯೆಸಳಿನ ಹಾಸು ಇವನ್ನೆಲ್ಲ, ನಾನು ಈ ಬೆಳಕಿನಲ್ಲೇ ಓದುತ್ತೇನೆ. ಅವು ಅಲಂಕಾರಕ್ಕೆ ಬಂದ ಸಾಮಗ್ರಿಯಂತೆ ಕಂಡರೂ ಅವುಗಳ ನಿಜವಾದ ಕೆಲಸ ನೆನಪನ್ನು ಕೆದಕುವುದು. ಹಿಂದೆ ಕೂಡಿದ್ದಾಗಲೂ ಇದೇ ಗಾಳಿ ಬೀಸಿತ್ತು, ಇದೇ ಬೆಳುದಿಂಗಳು ಹರಡಿತ್ತು. ವಸ್ತು ಬದಲಾಗಿಲ್ಲ, ಪಕ್ಕದಲ್ಲಿದ್ದವರು ಇಲ್ಲ. ಶೈತ್ಯೋಪಚಾರದ ತಣ್ಪೆಲ್ಲ ಸುಡುವುದು ಈ ಕಾರಣಕ್ಕೆ.

ಸುಡುವ ತಣ್ಪಿಗೆ ದೊಡ್ಡ ಸಾಕ್ಷಿ ತಿಂಗಳು. ತಂಗದಿರ ಎಂದು ಹಳಗನ್ನಡ ಅವನನ್ನು ಕರೆಯಿತು, ತಣ್ ಕದಿರುಳ್ಳವನು. ಹೆಸರಲ್ಲೇ ತಂಪು ಹೊತ್ತವನು ವಿರಹಿಗೆ ಬೆಂಕಿಯಾಗುತ್ತಾನೆ ಎಂಬ ವೈರುಧ್ಯಕ್ಕಾಗಿ ನಮ್ಮ ಕವಿಗಳು ಈ ಪದವನ್ನು ಬಲು ಪ್ರೀತಿಯಿಂದ ಬಳಸಿದರು. 10ನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದನೆಯ ನಾಗವರ್ಮ ಬಾಣನ ಗದ್ಯವನ್ನು ಚಂಪುವಾಗಿ ಕನ್ನಡಕ್ಕೆ ತಂದ ಕರ್ಣಾಟಕ ಕಾದಂಬರಿಯಲ್ಲಂತೂ ಚಂದ್ರ ಉಪಮೆಯಾಗಿ ನಿಲ್ಲುವುದಿಲ್ಲ, ಪಾತ್ರವೇ ಆಗುತ್ತಾನೆ. ಮಹಾಶ್ವೇತೆಗಾಗಿ ಹಂಬಲಿಸಿ ಬೆಳುದಿಂಗಳಲ್ಲಿ ಬೇಯುವ ಪುಂಡರೀಕ ಸಾಯುವ ಗಳಿಗೆಯಲ್ಲಿ ಚಂದ್ರನನ್ನು ಶಪಿಸುತ್ತಾನೆ: ನೀನೂ ಹುಟ್ಟಿ ಹುಟ್ಟಿ ಇದೇ ನೋವನ್ನು ಉಣ್ಣು ಎಂಬ ಭಾವದಲ್ಲಿ. ಆ ಶಾಪದಿಂದ ಚಂದ್ರ ಭೂಮಿಯಲ್ಲಿ ಚಂದ್ರಾಪೀಡನಾಗಿ ಹುಟ್ಟಿ ಕಾದಂಬರಿಯನ್ನು ಪ್ರೀತಿಸಿ ಅಗಲಿಕೆಯನ್ನು ಅನುಭವಿಸಬೇಕಾಗುತ್ತದೆ. ವಿರಹಿಗಳನ್ನು ಸುಟ್ಟವನು ತಾನೇ ವಿರಹಿಯಾಗುವ ಈ ಕತೆಯಲ್ಲಿ ಕವಿಸಮಯವೊಂದು ಕಥೆಯ ಬೆನ್ನೆಲುಬಾಗಿ ಬೆಳೆದಿದೆ. ನನಗೆ ತಿಳಿದ ಮಟ್ಟಿಗೆ ತಿಂಗಳಿಗೆ ಇಷ್ಟು ಹೊಣೆ ಹೊರಿಸಿದ ಪ್ರಣಯಕಥೆ ಬೇರೊಂದಿಲ್ಲ.

ಆದರೆ ತಿಂಗಳು ಎಂಬ ಪದದ ಮುಂದಿನ ಬಾಳು ಇನ್ನೂ ಮನಕಲಕುವಂಥದು. ಹಳಗನ್ನಡದಲ್ಲಿ ತಿಂಗಳ್ ಎಂದರೆ ಚಂದ್ರನೂ ಹೌದು, ಚಂದ್ರನ ಒಂದು ಸುತ್ತೂ ಹೌದು. ಇಂದಿನ ನಮ್ಮ ಮಾತಿನಲ್ಲಿ ಆಗಸದ ತಿಂಗಳು ಮುಳುಗಿಹೋಗಿ ಗೋಡೆಯ ಕ್ಯಾಲೆಂಡರಿನ ತಿಂಗಳಷ್ಟೇ ಉಳಿದಿದೆ. ಹಳೆಯ ಬೆಳಕು ಬೆಳದಿಂಗಳು ಎಂಬ ಸಮಾಸದೊಳಗೆ ಬೆಚ್ಚಗೆ ಉಳಿದುಕೊಂಡಿದೆ, ಬೆಳ್ ಎಂದರೆ ಬಿಳಿ, ಬಿಳಿಯ ತಿಂಗಳು. ಹಾಗಾಗಿ ದೇವದುರ್ಗದಿಂದಲೋ ಮಾನ್ವಿಯಿಂದಲೋ ಗುಳೇ ಹೋದವರ ಮನೆಯಲ್ಲಿ 'ಹೋಗಿ ನಾಕು ತಿಂಗಳಾತು' ಎಂದರೆ ಪದದ ಅರಿವಿಲ್ಲದೆಯೇ ನಾಲ್ಕು ಚಂದ್ರರನ್ನು ಎಣಿಸಿದಂತಾಯಿತು. ಹುಣ್ಣಿಮೆಯಿಂದ ಹುಣ್ಣಿಮೆಗೆ ಕಾದವರ ಲೆಕ್ಕ ಅದು. ವಿರಹವನ್ನು ಅಳೆಯಲು ಇದಕ್ಕಿಂತ ಹಳೆಯ ಅಳತೆಗೋಲು ನಮ್ಮ ನುಡಿಯಲ್ಲಿಲ್ಲ.

ಇನ್ನು ಹೊಳೆ. ನನೆ, ನೆನೆಗಳ ಕತೆಗೆ ತದ್ರೂಪಿಯಾದ ಇನ್ನೊಂದು ಕೂಡಿಕೆ ಇಲ್ಲಿ ನಡೆದಿದೆ. ನೀರು ಹರಿಯುವ ಹೊಳೆ ಮೂಲದಲ್ಲಿ ಪೊೞೆ, ಮಲೆಯಾಳದ ಪುೞ ಇದರ ಬಳಗ. ಥಳಥಳಿಸುವ ಹೊಳೆ ಮೂಲದಲ್ಲಿ ಪೊಳೆ, ಹೊಳಪು ಅದರಿಂದಲೇ ಬಂತು. ೞಕಾರ ಳಕಾರದಲ್ಲಿ ಕರಗಿ, ಪಕಾರ ಹಕಾರವಾದ ಮೇಲೆ ನದಿಯೂ ಮಿನುಗುವಿಕೆಯೂ ಒಂದೇ ಉಚ್ಚಾರಕ್ಕೆ ಬಂದವು. ತಿಂಗಳ ಬೆಳಕಿನಲ್ಲಿ ಹೊಳೆಯುವ ಹೊಳೆ ಎಂದು ಇಂದಿನ ಕವಿ ನಿರಾಯಾಸವಾಗಿ ಬರೆಯಬಲ್ಲ. ಇಲ್ಲಿ ಮಾತ್ರ ಪ್ರಾಸದ ಕಾವಲುಗಾರ ಎಚ್ಚರವಾಗಿದ್ದಾನೆ. ಎರಡನೆಯ ಅಕ್ಷರದ ವ್ಯಂಜನವೇ ಬೇರೆಯಾದ್ದರಿಂದ ಎಚ್ಚರದ ಕವಿ ೞಕಾರದ ಪದಕ್ಕೆ ೞಕಾರದ ಪದವನ್ನೇ ಹುಡುಕುತ್ತಿದ್ದ. 13ನೆಯ ಶತಮಾನದ ನಡುವಿಗೆ ಈ ಎಚ್ಚರ ಎಷ್ಟು ಸಡಿಲವಾಗಿತ್ತೆಂದರೆ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಱಕಾರ, ೞಕಾರಗಳು ಬರುವ ಪದಗಳನ್ನು ಕೂಡಿಸಿ ಕೊಡಬೇಕಾಯಿತು. ಬಾಯಿಂದ ಜಾರಿಹೋಗುತ್ತಿದ್ದ ಧ್ವನಿಗಳಿಗೆ ಅವನು ಬರೆದಿಟ್ಟ ಯಾದಿ ಅದು, ಎರಡೂ ಅರ್ಥದಲ್ಲಿ.

ನದಿಗೆ ಇನ್ನೊಂದು ಹಳೆಯ ಹೆಸರು ತೊಱೆ. ರಾಯಚೂರು ಸೀಮೆಯ ಪ್ರಾಚೀನ ಹೆಸರಿನಲ್ಲೇ ಅದು ಇದೆ: ಎಡೆದೊಱೆ, ಎರಡು ತೊರೆಗಳ ಎಡೆಯ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ರಾಜೇಂದ್ರ ಚೋಳನ ಪ್ರಶಸ್ತಿಯಲ್ಲಿ ಗೆದ್ದ ನಾಡುಗಳ ನಡುವೆ ಬರುವ ಇಡೈತುಱೈ ನಾಡು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ತೊಱೆಗೆ ಬಿಟ್ಟುಹೋಗು ಎಂಬ ಅರ್ಥವೂ ಇದೆ. ನಲ್ಲೆಯನ್ನು ತೊರೆದ, ಸಂಸಾರವನ್ನು ತೊರೆದ. ತಮಿಳಿನಲ್ಲಿ ತುಱೈ ಎಂದರೆ ನೀರಿನ ಕಡವು, ತುಱ ಎಂದರೆ ತ್ಯಜಿಸು. ಅಲ್ಲಿ ಅಂತ್ಯಸ್ವರ ಇವೆರಡನ್ನು ದೂರ ಇರಿಸಿತು. ಕನ್ನಡದಲ್ಲಿ ಎರಡೂ ತೊಱೆಯೇ ಆದವು. ಆದ್ದರಿಂದ ನನೆಗೂ ನೆನೆಗೂ ಇಲ್ಲದ ಭಾಗ್ಯ ಇದಕ್ಕೆ ಹಳಗನ್ನಡದಲ್ಲೇ ಇತ್ತು: ಹರಿಯುವುದು ಮತ್ತು ಅಗಲುವುದು ಕವಿಯ ಕೈಯಲ್ಲಿ ಒಂದೇ ಪದವಾಗಿದ್ದವು. ನಾಡಿನ ನಕ್ಷೆಯೂ ಇದಕ್ಕೆ ಒಪ್ಪುವಂತಿದೆ. ಎರಡು ನದಿಗಳು ಇಡೀ ಎಡೆದೊಱೆಯ ಉದ್ದಕ್ಕೂ ಒಂದನ್ನೊಂದು ಕಾಣದೆ ಹರಿದು, ಜಿಲ್ಲೆಯ ಗಡಿ ದಾಟಿದ ಮೇಲೆಯೇ ಕೂಡುತ್ತವೆ. ಕೂಡಿ ಶ್ರೀಶೈಲದ ಬುಡಕ್ಕೆ ಹೋಗುತ್ತವೆ, ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನ ಬಳಿಗೆ.

ಚಂಪೂಕವಿಗಳ ನಾಯಿಕೆ ಕೋಗಿಲೆಗೂ ತಿಂಗಳಿಗೂ ಹೆದರಿ ತಾವರೆಯ ಹಾಸಿಗೆಯಲ್ಲಿ ಹೊರಳುತ್ತಿದ್ದರೆ, 12ನೆಯ ಶತಮಾನದ ಅಕ್ಕ ಹಕ್ಕಿಗಳನ್ನೂ ದುಂಬಿಗಳನ್ನೂ ಎದುರು ನಿಲ್ಲಿಸಿಕೊಂಡು ತನ್ನವನನ್ನು ಕಂಡಿರಾ ಎಂದು ಕೇಳಿದಳು. ಸಾಮಗ್ರಿ ಅದೇ, ನಿಲುವು ಬೇರೆ. ಅರಮನೆಯ ಉಪ್ಪರಿಗೆಯಿಂದ ವಿರಹ ಕಾಡಿನ ಹಾದಿಗೆ ಇಳಿಯಿತು. ನೆನೆಯ ಬಾಳಿನಲ್ಲೂ ಇದು ದೊಡ್ಡ ತಿರುವು. ನಲ್ಲನಿಗೆ ಸಲ್ಲುತ್ತಿದ್ದ ನೆನಪು ದೇವರಿಗೆ ಸಂದಿತು. ಮುಂದೆ 18ನೆಯ ಶತಮಾನದ ಹೊತ್ತಿಗೆ ಈ ಪದವನ್ನು ಮನೆಮನೆಯ ಮಾತಾಗಿಸಿದವರು ನಮ್ಮ ಸೀಮೆಯವರೇ: ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿ ಸೀಮೆಯ ಬ್ಯಾಗವಟ್ಟಿನ ಜಗನ್ನಾಥದಾಸರು. ಸ್ಮರಣೆ ಎಂಬ ಶಾಸ್ತ್ರದ ಮಾತು ದಾಸರ ಬಾಯಲ್ಲಿ ನೆನೆ ಎಂಬ ಎರಡಕ್ಷರದ ವಿಧ್ಯರ್ಥವಾಗಿ, ಮನಸ್ಸನ್ನೇ ಕರೆದು ಹೇಳುವ ಸಲುಗೆಯ ಮಾತಾಗಿ ನಿಂತಿತು. ಇಂದಿಗೂ ಮುಂಜಾನೆ ಎದ್ದು ದೇವರನ್ನು ನೆನೆಯುವ ಹೆಂಗಸಿನ ನಾಲಿಗೆಯಲ್ಲಿ ಶ್ರೀಮತಿಯ ನೆನಪೂ ದಾಸರ ನೆನಪೂ ಒಟ್ಟಿಗೇ ಉಳಿದಿವೆ.

ಇಷ್ಟೆಲ್ಲ ಎತ್ತರಕ್ಕೆ ಏರಿದ ಪದ ಪತ್ರಿಕೆಯ ಪುಟಕ್ಕೂ ಇಳಿದಿದೆ. ಸೇತುವೆಯ ಕಾಮಗಾರಿ ನೆನೆಗುದಿಗೆ ಬಿದ್ದಿದೆ ಎಂದು ಓದುತ್ತೇವಲ್ಲ, ಬಿಡಿಸಿದರೆ ಅದು ನೆನೆ ಮತ್ತು ಕುದಿ. ನೆನೆನೆನೆದು ಒಳಗೇ ಕುದಿಯುವುದು. ವಿರಹಿಯ ಅವಸ್ಥೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು, ಆದರೆ ಇಂದು ಅದು ಸಿಕ್ಕಿರುವುದು ಅರ್ಧಕ್ಕೆ ನಿಂತ ಸೇತುವೆಗೆ. ಕೆಲವರು ಅದನ್ನು ನನೆಗುದಿ ಎಂದು ಬರೆಯುತ್ತಾರೆ. ನೆನೆಯುವ ಕಡೆ ನನೆ ಬಂದು ಕೂತಿದೆ. ಒಂದು ಕಾಲಕ್ಕೆ ನನೆ ಹೋಗಿ ನೆನೆಯ ಮನೆ ಸೇರಿತ್ತು, ಈಗ ನೆನೆ ತಿರುಗಿ ನನೆಯ ಮನೆಗೆ ನಡೆದಿದೆ. ಬಿಕ್ಕಳಿಕೆ ಬಂದಾಗ ಯಾರೋ ನೆನೆಸಿಕೊಂಡಿರಬೇಕು ಎನ್ನುತ್ತ ಒಂದು ಲೋಟ ನೀರು ಕೊಡುವವರು ಕೂಡ, ಅರಿವಿಲ್ಲದೆ, ಆ ಎರಡು ಮನೆಗಳ ನಡುವೆಯೇ ಓಡಾಡುತ್ತಿರುತ್ತಾರೆ.

ಆ ಸಂಜೆ ಕತ್ತಲಾಗುವ ಹೊತ್ತಿಗೆ ಬೆಂಗಳೂರಿನಿಂದ ಮಗನ ಫೋನು ಬಂತು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಕಿವಿಗೆ ಇಟ್ಟುಕೊಂಡಳು. ಅವನ ದನಿ ಕಟ್ಟೆಯ ಮೇಲಿದ್ದ ನನಗೂ ಕೇಳುತ್ತಿತ್ತು. ಉಂಡೆಯಾ, ಹೇಗಿದ್ದೀ ಎಂಬುದೊಂದೂ ಇಲ್ಲದೆ ಅವನು ಮೊದಲು ಕೇಳಿದ್ದು, "ಮಳಿ ಬಂತೇನಬೇ ಯವ್ವಾ?"

ಆಕೆ ಹೊಲದ ದಿಕ್ಕಿಗೆ ಒಮ್ಮೆ ನೋಡಿ, "ಬಂದಿತ್ತಪ್ಪ, ನಾಕು ಹನಿ" ಅಂದಳು. "ಭೂಮಿ ಇನ್ನಾ ನೆನದಿಲ್ಲ."